ಕಾವೇರಿ ಪಾಲಿನ ಆ ಚಿತ್ರ: ಬುಡ ಕತ್ತರಿಸಿದ ಕಂಬ, 102 ಮುಟ್ಟಿದ ಶೇಕಡಾ

ಮಂಡ್ಯ, ಶ್ರೀರಂಗಪಟ್ಟಣ, ಪಾಂಡವಪುರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಈಗ ಒಂದು ಫೋಟೋ ಓಡಾಡುತ್ತಿದೆ. ಯಾವುದೋ ಪತ್ರಿಕೆಯ ಪುಟದಲ್ಲಿ ಬಂದ ಕಾವೇರಿ ನೀರಿನ ಪಾಲಿನ ಚಾರ್ಟ್ ಅದು. 2007 ಮತ್ತು 2018ರ ತೀರ್ಪುಗಳಲ್ಲಿ ಕರ್ನಾಟಕಕ್ಕೆ, ತಮಿಳುನಾಡಿಗೆ ಸಿಕ್ಕ ಪಾಲನ್ನು ಕಂಬಗಳಲ್ಲಿ ತೋರಿಸಿದ್ದಾರೆ, ಪಕ್ಕದಲ್ಲಿ ಒಂದು ಪೈ ಚಾರ್ಟ್ ಇದೆ. ಯಾರೋ ಮೊಬೈಲಿನಲ್ಲಿ ಸ್ವಲ್ಪ ಓರೆಯಾಗಿ ಫೋಟೋ ತೆಗೆದಿದ್ದಾರೆ. ಎಡಗಡೆ ಮತ್ತು ಕೆಳಗಡೆ ಒಂದಿಷ್ಟು ಕಟ್ ಆಗಿದೆ. ಒಂದು ನೋಟಕ್ಕೆ ಕರ್ನಾಟಕದ ಪಾಲು ಎರಡೂವರೆ ಪಟ್ಟು ಏರಿದ ಹಾಗೆ, ತಮಿಳುನಾಡಿನ ಪಾಲು ಮೊದಲಿದ್ದದ್ದರ ಕಾಲು ಭಾಗಕ್ಕಿಂತಲೂ ಕೆಳಗೆ ಇಳಿದ ಹಾಗೆ ಕಾಣುತ್ತದೆ.

ಇದನ್ನು ನೋಡಿದವರಲ್ಲಿ ಎರಡು ಗುಂಪಾಗಿದೆ. ಇಷ್ಟೊಂದು ಗೆದ್ದಿದ್ದೇವೆ, ಇನ್ನೂ ಯಾಕೆ ಗಲಾಟೆ ಅನ್ನುವವರು ಒಂದು ಕಡೆ. "ಅಷ್ಟು ನೀರು ಸಿಕ್ಕಿದ್ರೆ ನಮ್ಮ ನಾಲೇಲಿ ಯಾಕೆ ಬರ್ತಿಲ್ಲ ಕಣಣ್ಣ, ಎಲ್ಲೋ ಮೋಸ ಆಗಿದೆ" ಅನ್ನುವವರು ಇನ್ನೊಂದು ಕಡೆ. ಎರಡು ವಾದವೂ ನಿಂತಿರುವುದು ಆ ಕಂಬಗಳ ಎತ್ತರದ ಮೇಲೆ. ಆದರೆ ಆ ಎತ್ತರವೇ ಸರಿ ಇಲ್ಲ. ಪಕ್ಕದಲ್ಲಿರುವ ಪೈ ಚಾರ್ಟಿನ ಶೇಕಡಾಗಳನ್ನು ಕೂಡಿದರೆ 100 ಬರುವುದಿಲ್ಲ, 102 ಬರುತ್ತದೆ. ಚಿತ್ರದ ಮೇಲೆ ಬರೆದಿರುವ ಟಿಎಂಸಿ ಅಂಕಿಗಳು ಮಾತ್ರ ಎಲ್ಲವೂ ಸರಿಯಾಗಿಯೇ ಇವೆ. ಗೊಂದಲ ಆಗುತ್ತಿರುವುದೇ ಅದರಿಂದ.

ಅಂಕಿಗಳ ಹಿನ್ನೆಲೆ

ಕಾವೇರಿ ನ್ಯಾಯಮಂಡಳಿ 2007ರ ಫೆಬ್ರವರಿ 5ರಂದು ಅಂತಿಮ ತೀರ್ಪು ಕೊಟ್ಟಿತು. ಸಾಮಾನ್ಯ ವರ್ಷದಲ್ಲಿ ಇಡೀ ಕಣಿವೆಯಲ್ಲಿ 740 ಟಿಎಂಸಿ ನೀರು ಸಿಗುತ್ತದೆ ಎಂದು ಲೆಕ್ಕ ಹಿಡಿದು ಹಂಚಿಕೆ ಮಾಡಿತು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. ಉಳಿದ 14ರಲ್ಲಿ 10 ಪರಿಸರಕ್ಕೆ, 4 ಹೇಗಿದ್ದರೂ ಸಮುದ್ರ ಸೇರುವ ನೀರಿಗೆ.

2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಇದರಲ್ಲಿ ಒಂದೇ ಒಂದು ಬದಲಾವಣೆ ಮಾಡಿತು. ತಮಿಳುನಾಡಿನ ಪಾಲಿನಿಂದ 14.75 ಟಿಎಂಸಿ ತೆಗೆದು ಕರ್ನಾಟಕಕ್ಕೆ ಕೊಟ್ಟಿತು. ಅದರಲ್ಲಿ 10 ಟಿಎಂಸಿ ತಮಿಳುನಾಡಿನಲ್ಲಿ ಸಿಗುವ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದು ಕೊಟ್ಟದ್ದು. ಉಳಿದ 4.75 ಬೆಂಗಳೂರಿನ ಕುಡಿಯುವ ನೀರು ಮತ್ತು ಮನೆ ಬಳಕೆಗೆ. ಹೀಗೆ ಕರ್ನಾಟಕ 284.75ಕ್ಕೆ ಬಂತು, ತಮಿಳುನಾಡು 404.25ಕ್ಕೆ ಇಳಿಯಿತು. ಒಟ್ಟು ಮೊತ್ತ 740 ಹಾಗೇ ಉಳಿಯಿತು.

ಈಗ ಸುಮ್ನೆ ಭಾಗಾಕಾರ ಮಾಡಿ ನೋಡಿ. 270ಕ್ಕೆ 14.75 ಸೇರಿದರೆ ಹೆಚ್ಚಳ ಶೇ 5.5. 419ರಿಂದ 14.75 ಕಳೆದರೆ ಇಳಿಕೆ ಶೇ 3.5. ಬಿಳಿಗುಂಡ್ಲುವಿನಲ್ಲಿ ಕರ್ನಾಟಕ ವರ್ಷಕ್ಕೆ ಬಿಡಬೇಕಾದ ನೀರು 192ರಿಂದ 177.25ಕ್ಕೆ ಬಂತು, ಅದು ಶೇ 7.7 ಇಳಿಕೆ. ನೀರು ಅದೇ 14.75 ಟಿಎಂಸಿ. ಯಾವುದಕ್ಕೆ ಹೋಲಿಸುತ್ತೇವೆ ಅನ್ನುವುದರ ಮೇಲೆ ಶೇಕಡಾ ಬದಲಾಗುತ್ತದೆ, ಅಷ್ಟೇ. ಹೇಗೆ ಲೆಕ್ಕ ಹಾಕಿದರೂ ಎರಡೂವರೆ ಪಟ್ಟು ಅನ್ನುವುದು ಎಲ್ಲೂ ಬರುವುದಿಲ್ಲ.

ಅಕ್ಷ ಕಟ್ ಆಗಿದ್ದರೂ ಬುಡ ಕಂಡುಹಿಡಿಯಬಹುದು

ಹಾಗಾದರೆ ಎರಡೂವರೆ ಪಟ್ಟು ಎಲ್ಲಿಂದ ಬಂತು? ಕಂಬ ನಕ್ಷೆಯಲ್ಲಿ ನಮ್ಮ ಕಣ್ಣು ಓದುವುದು ಕಂಬದ ಉದ್ದವನ್ನು. ಒಂದು ಕಂಬ ಇನ್ನೊಂದರ ಎರಡರಷ್ಟು ಉದ್ದ ಇದ್ದರೆ ಬೆಲೆಯೂ ಎರಡರಷ್ಟು ಎಂದು ತಲೆ ತಾನಾಗಿಯೇ ಲೆಕ್ಕ ಹಾಕುತ್ತದೆ. ಇದು ನಿಜ ಆಗಬೇಕಾದರೆ ಕಂಬದ ಬುಡ ಸೊನ್ನೆಯಲ್ಲಿ ಇರಲೇಬೇಕು. ಬುಡವನ್ನು 260ರಲ್ಲಿ ಇಟ್ಟರೆ 270 ಕೇವಲ 10ರಷ್ಟು ಎತ್ತರ, 284.75 ಬರೀ 24.75ರಷ್ಟು ಎತ್ತರ. 24.75ನ್ನು 10ರಿಂದ ಭಾಗಿಸಿದರೆ ಸುಮಾರು ಎರಡೂವರೆ. ಅಲ್ಲಿಗೆ ಉತ್ತರ ಸಿಕ್ಕಿತು.

ಆದರೆ ಫೋಟೋದಲ್ಲಿ ಎಡಗಡೆಯ ಅಕ್ಷವೇ ಕಟ್ ಆಗಿದೆ, ಬುಡ 260ರಲ್ಲಿದೆ ಎಂದು ಹೇಗೆ ಗೊತ್ತಾಗಬೇಕು? ಕಂಬಗಳ ತಲೆಯ ಮೇಲೆ ಅಂಕಿ ಬರೆದಿದ್ದರೆ ಸಾಕು, ಒಂದು ಸ್ಕೇಲ್ ಇಟ್ಟು ಕಂಡುಹಿಡಿಯಬಹುದು. ಫೋನಿನ ಪರದೆಯ ಮೇಲೆ ಇಟ್ಟು ಅಳೆದರೂ ಆಗುತ್ತದೆ. ಬೇಕಾಗಿರುವುದು ಎತ್ತರಗಳ ಅನುಪಾತ ಮಾತ್ರ, ಹಾಗಾಗಿ ಫೋಟೋ ಜೂಮ್ ಆಗಿದ್ದರೂ ತೊಂದರೆ ಇಲ್ಲ. ಅಳೆಯುವಾಗ ಮಧ್ಯೆ ಜೂಮ್ ಬದಲಾಯಿಸಬಾರದು ಅಷ್ಟೇ.

ಕರ್ನಾಟಕದ ಎರಡು ಕಂಬ ಅಳೆದರೆ ಒಂದು 2 ಸೆಂ.ಮೀ., ಇನ್ನೊಂದು 4.95 ಸೆಂ.ಮೀ. ವ್ಯತ್ಯಾಸ 2.95 ಸೆಂ.ಮೀ. ಬರೆದಿರುವ ಅಂಕಿಗಳ ವ್ಯತ್ಯಾಸ 14.75 ಟಿಎಂಸಿ. ಅಂದರೆ ಈ ಚಿತ್ರದಲ್ಲಿ ಒಂದು ಸೆಂ.ಮೀ.ಗೆ 5 ಟಿಎಂಸಿ. ಚಿಕ್ಕ ಕಂಬ 2 ಸೆಂ.ಮೀ. ಇದೆ, ಅದು ತೋರಿಸುತ್ತಿರುವುದು 10 ಟಿಎಂಸಿ ಮಾತ್ರ. ಆದರೆ ಅದರ ತಲೆಯ ಮೇಲೆ 270 ಎಂದು ಬರೆದಿದೆ. ಉಳಿದ 260 ಎಲ್ಲಿ? ಬುಡದ ಕೆಳಗೆ, ಕಾಣದ ಜಾಗದಲ್ಲಿ.

ಇದೇ ಲೆಕ್ಕವನ್ನು ತಮಿಳುನಾಡಿನ ಕಂಬಗಳಿಗೂ ಮಾಡಬೇಕು, ಯಾಕೆಂದರೆ ದೊಡ್ಡ ಎಡವಟ್ಟು ಇರುವುದು ಅಲ್ಲಿ. ಅವು 3.8 ಸೆಂ.ಮೀ. ಮತ್ತು 0.85 ಸೆಂ.ಮೀ. ಇವೆ. ವ್ಯತ್ಯಾಸ ಮತ್ತೆ 2.95, ಅಂದರೆ ಇಲ್ಲೂ ಸೆಂ.ಮೀ.ಗೆ 5 ಟಿಎಂಸಿ. 0.85 ಸೆಂ.ಮೀ. ಅಂದರೆ 4.25 ಟಿಎಂಸಿ, ಬರೆದಿರುವುದು 404.25. ಬುಡ 400ರಲ್ಲಿದೆ. ಒಂದೇ ಚಿತ್ರದಲ್ಲಿ, ಒಂದೇ ಗೆರೆಯ ಮೇಲೆ ನಿಂತ ಕಂಬಗಳಿಗೆ ಎರಡು ಬೇರೆ ಬೇರೆ ಬುಡ. ಇದರ ಫಲ ಏನು ಅಂದರೆ, 284.75 ಅನ್ನುವ ಕಂಬ 404.25 ಅನ್ನುವ ಕಂಬಕ್ಕಿಂತ ಸುಮಾರು ಆರು ಪಟ್ಟು ಎತ್ತರ ಕಾಣುತ್ತದೆ. ಚಿಕ್ಕ ಸಂಖ್ಯೆಗೆ ದೊಡ್ಡ ಕಂಬ. ಬರೀ ಅಂಕಿ ಓದಿದ್ದರೆ ಯಾರೂ ಈ ತಪ್ಪು ಮಾಡುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಓರೆಯಾಗಿ ತೆಗೆದ ಫೋಟೋದಲ್ಲಿ ಕ್ಯಾಮೆರಾಗೆ ಹತ್ತಿರ ಇರುವ ಭಾಗ ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುತ್ತದೆ. ಆಗ ಕಂಬ ಸರಿಯಾಗಿಯೇ ಇದ್ದರೂ ಅಳತೆ ತಪ್ಪಬಹುದು. ಮೊದಲು ಫೋಟೋದಲ್ಲಿ ಪೂರ್ತಿ ಕಾಣುವ ಯಾವುದಾದರೂ ಚೌಕಟ್ಟನ್ನು ಅಳೆಯಿರಿ. ಅದರ ಎಡ ಅಂಚು ಬಲ ಅಂಚು ಒಂದೇ ಉದ್ದ ಇದ್ದರೆ, ಮೇಲಿನ ಅಗಲ ಕೆಳಗಿನ ಅಗಲ ಒಂದೇ ಇದ್ದರೆ ನಂಬಬಹುದು. ಇಲ್ಲದಿದ್ದರೆ ಫೋನಿನಲ್ಲಿ ಕಾಗದ ಸ್ಕ್ಯಾನ್ ಮಾಡುವ ಆಪ್ ಬಳಸಿ, ಚೌಕಟ್ಟಿನ ನಾಲ್ಕು ಮೂಲೆ ಹಿಡಿದು ನೇರ ಮಾಡಿಕೊಂಡು ಅಳೆಯಬೇಕು. ಓರೆಯಿಂದ ಅಂಚುಗಳಲ್ಲಿ ಹತ್ತರಲ್ಲಿ ಒಂದು ಭಾಗದಷ್ಟು ವ್ಯತ್ಯಾಸ ಬಂದಿದ್ದರೆ, ಅಷ್ಟೇ ಚಿಕ್ಕ ವ್ಯತ್ಯಾಸವನ್ನು ಕಂಬಗಳಲ್ಲಿ ಕಂಡು ಪತ್ರಿಕೆಯನ್ನು ದೂರುವ ಹಾಗಿಲ್ಲ. ಆದರೆ ಎರಡೂವರೆ ಪಟ್ಟು, ಆರು ಪಟ್ಟು ಅನ್ನುವುದು ಫೋಟೋ ಓರೆಯಾದ ಮಾತ್ರಕ್ಕೆ ಬರುವುದಿಲ್ಲ.

102 ಹೇಗಾಯಿತು

ಈಗ ಪೈ ಚಾರ್ಟ್. ಅದರಲ್ಲಿ ತಮಿಳುನಾಡು 56, ಕರ್ನಾಟಕ 39, ಕೇರಳ 4, ಪುದುಚೇರಿ 1, ಪರಿಸರ ಮತ್ತು ಸಮುದ್ರಕ್ಕೆ 2 ಎಂದಿದೆ. ಕೂಡಿದರೆ 102.

ತಕ್ಷಣ ಸುಳ್ಳು ಎಂದು ಕೂಗುವ ಮುಂಚೆ ಒಂದು ಸಂಗತಿ ನೋಡಬೇಕು. ಶೇಕಡಾಗಳನ್ನು ಪೂರ್ಣ ಸಂಖ್ಯೆಗೆ ತಂದಾಗ ಮೊತ್ತ 99 ಅಥವಾ 101 ಆಗುವುದು ತೀರಾ ಸಾಮಾನ್ಯ. ಪ್ರತಿ ಭಾಗದಲ್ಲೂ ಅರ್ಧದವರೆಗೆ ಹೆಚ್ಚು ಕಡಿಮೆ ಆಗಬಹುದು. ಐದು ಭಾಗ ಇದ್ದಾಗ, ಎಲ್ಲವೂ ಮೇಲಕ್ಕೇ ಹೋದರೆ, 102 ಕೂಡ ಆಗಬಹುದು. ಅಪರೂಪ, ಆದರೆ ಅಸಾಧ್ಯ ಅಲ್ಲ. ಹಾಗಾಗಿ ಮೊತ್ತ ನೋಡಿದರೆ ಸಾಲದು, ಮೂಲ ಅಂಕಿಗಳಿಂದ ಮತ್ತೆ ಲೆಕ್ಕ ಹಾಕಬೇಕು.

740ಕ್ಕೆ ಲೆಕ್ಕ ಹಾಕಿದರೆ ತಮಿಳುನಾಡು 54.6ರ ಮೇಲೆ, ಅಂದರೆ 55. ಕರ್ನಾಟಕ 38.48, ಅಂದರೆ 38. ಕೇರಳ 4, ಪುದುಚೇರಿ 1, ಉಳಿದದ್ದು 1.89, ಅಂದರೆ 2. ಕೂಡಿದರೆ ಸರಿಯಾಗಿ 100. ಪೂರ್ಣ ಸಂಖ್ಯೆಗೆ ತಂದದ್ದರಿಂದ ಇಲ್ಲಿ ಏನೂ ತೊಂದರೆ ಆಗಿಲ್ಲ. ಹಾಗಾದರೆ 56 ಮತ್ತು 39 ಎಲ್ಲಿಂದ ಬಂದವು?

ನಾಲ್ಕು ರಾಜ್ಯಗಳ ಪಾಲು ಮಾತ್ರ ಕೂಡಿ ನೋಡಿ (ಪುದುಚೇರಿ ಕೇಂದ್ರಾಡಳಿತ ಪ್ರದೇಶ, ಸುಲಭಕ್ಕೆ ರಾಜ್ಯ ಅನ್ನೋಣ). 726 ಬರುತ್ತದೆ. 404.25ನ್ನು 726ರಿಂದ ಭಾಗಿಸಿದರೆ 55.7, ಅಂದರೆ 56. 284.75ನ್ನು 726ರಿಂದ ಭಾಗಿಸಿದರೆ 39.2, ಅಂದರೆ 39. ಗೊತ್ತಾಯಿತಲ್ವಾ? ರಾಜ್ಯಗಳ ಶೇಕಡಾವನ್ನು 726ಕ್ಕೆ ಲೆಕ್ಕ ಹಾಕಿದ್ದಾರೆ. ಅಲ್ಲಿಗೇ 100 ತುಂಬಿಹೋಗಿದೆ. ಆಮೇಲೆ ಪರಿಸರದ 14 ಟಿಎಂಸಿಯನ್ನು 740ಕ್ಕೆ ಲೆಕ್ಕ ಹಾಕಿ 2 ಎಂದು ಪಕ್ಕದಲ್ಲಿ ಅಂಟಿಸಿದ್ದಾರೆ. ಎರಡು ಬೇರೆ ಬೇರೆ ಒಟ್ಟು ಮೊತ್ತಗಳ ಶೇಕಡಾ ಒಂದೇ ವೃತ್ತದಲ್ಲಿ ಕೂತಿವೆ. ಒಂದೊಂದೇ ನೋಡಿದರೆ ಯಾವ ಅಂಕಿಯೂ ಸುಳ್ಳಲ್ಲ, ಒಟ್ಟಿಗೆ ಇಟ್ಟದ್ದು ತಪ್ಪು.

ಎರಡು ಶೇಕಡಾ ತಾನೇ, ಬಿಡಿ ಅನ್ನಬಹುದು. ಆದರೆ 740ರಲ್ಲಿ ಶೇ 2 ಅಂದರೆ 14.8 ಟಿಎಂಸಿ. ಸುಪ್ರೀಂ ಕೋರ್ಟ್ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಕೊಟ್ಟದ್ದೇ 14.75. ಇಡೀ ತೀರ್ಪಿನ ಬದಲಾವಣೆಯಷ್ಟು ನೀರು ಈ ವೃತ್ತದಲ್ಲಿ ಎಲ್ಲಿಂದಲೋ ಹುಟ್ಟಿಕೊಂಡಿದೆ. ಯಾರಾದರೂ ಈ 56ನ್ನು ನಂಬಿ 740ರ ಶೇ 56 ಎಷ್ಟು ಎಂದು ಗುಣಿಸಿದರೆ 414 ಟಿಎಂಸಿ ಬರುತ್ತದೆ, ನಿಜವಾದ ಪಾಲಿಗಿಂತ ಸುಮಾರು 10 ಜಾಸ್ತಿ. ಅಲ್ಲಿಂದ ಇನ್ನೊಂದು ಜಗಳ ಶುರುವಾಗುತ್ತದೆ.

ವೃತ್ತವನ್ನು ಕಣ್ಣಿನಿಂದ ನೋಡಿ ಇದನ್ನು ಹಿಡಿಯಲು ಆಗುವುದಿಲ್ಲ. ಚಾರ್ಟ್ ಮಾಡುವ ತಂತ್ರಾಂಶಕ್ಕೆ 102 ಕೊಟ್ಟರೂ ಅದು ತಕರಾರು ಮಾಡುವುದಿಲ್ಲ. ಎಲ್ಲ ಭಾಗಗಳನ್ನೂ ಸ್ವಲ್ಪ ಸ್ವಲ್ಪ ಕುಗ್ಗಿಸಿ ಪೂರ್ತಿ ವೃತ್ತದೊಳಗೆ ಕೂರಿಸುತ್ತದೆ. ವೃತ್ತ ತುಂಬಿದೆ ಎಂದು ಶೇಕಡಾ ಸರಿ ಇದೆ ಅಂದುಕೊಳ್ಳಬಾರದು. ಬರೆದ ಅಂಕಿಗಳನ್ನೇ ಕೂಡಬೇಕು.

ಮೊತ್ತ 100 ದಾಟಿದರೂ ಸರಿ ಇರುವ ಸಂದರ್ಭ ಒಂದಿದೆ. ಒಬ್ಬರು ಎರಡು ಮೂರು ಉತ್ತರ ಕೊಡಬಹುದಾದ ಸಮೀಕ್ಷೆ. ಕಬ್ಬು ಬಿಟ್ಟು ಬೇರೆ ಬೆಳೆ ಯಾಕೆ ಎಂದು ಕೇಳಿದರೆ ರೈತರು ನೀರು, ಕೂಲಿ, ಬಾಕಿ ಹಣ ಮೂರನ್ನೂ ಹೇಳಬಹುದು. ಆಗ ಮೊತ್ತ 100 ದಾಟುವುದು ಸಹಜ. ಆದರೆ ಅದನ್ನು ಪೈ ಚಾರ್ಟಿನಲ್ಲಿ ಹಾಕುವ ಹಾಗಿಲ್ಲ, ಕಂಬಗಳಲ್ಲಿ ತೋರಿಸಬೇಕು. ಪಾಲು ಹಂಚಿಕೆಯಲ್ಲಿ ಈ ವಿನಾಯಿತಿ ಇಲ್ಲ. ಒಂದೇ ನೀರು ಇಬ್ಬರಿಗೆ ಹೋಗುವುದಿಲ್ಲ.

ಸೊನ್ನೆಯಿಂದಲೇ ಶುರು ಮಾಡಬೇಕಾ?

ಇಲ್ಲಿ ಚಾರ್ಟ್ ಮಾಡುವವರಲ್ಲೇ ಎರಡು ವಾದ ಇದೆ. ಕಂಬ ಅಂದಮೇಲೆ ಸೊನ್ನೆಯಿಂದಲೇ ಶುರು ಆಗಬೇಕು, ಇಲ್ಲದಿದ್ದರೆ ಅದು ಮೋಸ ಅನ್ನುವುದು ಒಂದು. ಸೊನ್ನೆಯಿಂದ ಹಾಕಿದರೆ ವ್ಯತ್ಯಾಸವೇ ಕಾಣುವುದಿಲ್ಲ, ಓದುಗರಿಗೆ ಏನು ತೋರಿಸಿದ ಹಾಗಾಯಿತು ಅನ್ನುವುದು ಇನ್ನೊಂದು.

ಎರಡನೆಯ ವಾದವನ್ನು ತಳ್ಳಿಹಾಕುವ ಹಾಗಿಲ್ಲ. 419ಕ್ಕೆ 10 ಸೆಂ.ಮೀ. ಕಂಬ ಹಾಕಿದರೆ 404.25ಕ್ಕೆ ಸುಮಾರು 9.65 ಸೆಂ.ಮೀ. ಬರುತ್ತದೆ. ಮೂರೂವರೆ ಮಿಲಿಮೀಟರ್ ವ್ಯತ್ಯಾಸ. ಪತ್ರಿಕೆಯ ಕಾಲಂನಲ್ಲಿ, ಅದರಲ್ಲೂ ಫೋಟೋದ ಫೋಟೋದಲ್ಲಿ, ಯಾರಿಗೂ ಕಾಣುವುದಿಲ್ಲ. ಏನೂ ಬದಲಾಗಿಲ್ಲ ಅನ್ನಿಸುತ್ತದೆ. ಆದರೆ 14.75 ಟಿಎಂಸಿ ಕಡಿಮೆ ನೀರಲ್ಲ. ಕೆಆರ್‌ಎಸ್ ಪೂರ್ತಿ ತುಂಬಿದಾಗ ಹಿಡಿಯುವುದು 49.45 ಟಿಎಂಸಿ, ಅದರಲ್ಲಿ ಸುಮಾರು ಶೇ 30ರಷ್ಟು ಇದು. ಹಾಗಾಗಿ ಸೊನ್ನೆಯಿಂದ ಹಾಕಿದ ಚಾರ್ಟ್ ಕೂಡ ಒಂದು ದೊಡ್ಡ ವಿಷಯವನ್ನು ಮುಚ್ಚಿಡಬಹುದು.

ಪರಿಹಾರ ಬುಡ ಕತ್ತರಿಸುವುದಲ್ಲ. ಬದಲಾವಣೆ ತೋರಿಸಬೇಕು ಅಂದರೆ ಬದಲಾವಣೆಗೇ ಒಂದು ಕಂಬ ಹಾಕಬೇಕು. ಸೊನ್ನೆಯಿಂದ ಮೇಲಕ್ಕೆ ಕರ್ನಾಟಕದ 14.75, ಸೊನ್ನೆಯಿಂದ ಕೆಳಕ್ಕೆ ತಮಿಳುನಾಡಿನ 14.75. ಪಕ್ಕದಲ್ಲಿ ಒಟ್ಟು ಪಾಲು ಅಂಕಿಯಲ್ಲಿ. ಆಗ ನೀರು ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದೂ ಕಾಣುತ್ತದೆ, ಎಷ್ಟು ಅನ್ನುವುದೂ ಕಾಣುತ್ತದೆ. ವರ್ಷದಿಂದ ವರ್ಷಕ್ಕೆ ಏರಿಳಿತ ತೋರಿಸುವ ಗೆರೆ ನಕ್ಷೆಗೆ ಸೊನ್ನೆ ಕಡ್ಡಾಯ ಅಲ್ಲ, ಯಾಕೆಂದರೆ ಅಲ್ಲಿ ಕಣ್ಣು ಓದುವುದು ಉದ್ದವನ್ನಲ್ಲ, ಇಳಿಜಾರನ್ನು. ಆದರೆ ಅಕ್ಷ ಎಲ್ಲಿಂದ ಶುರುವಾಗಿದೆ ಎಂದು ಎದ್ದು ಕಾಣುವ ಹಾಗೆ ಬರೆದಿರಬೇಕು.

ಬುಡ ಕತ್ತರಿಸಿದ್ದೆಲ್ಲ ಬೇಕಂತಲೇ ಮಾಡಿದ್ದು ಎಂದು ಹೇಳಲು ಆಗುವುದಿಲ್ಲ. ಎಕ್ಸೆಲ್ ಥರದ ತಂತ್ರಾಂಶಗಳು ಅಂಕಿಗಳು ಹತ್ತಿರ ಹತ್ತಿರ ಇದ್ದಾಗ ಸೊನ್ನೆ ಬಿಟ್ಟು ತಾವಾಗಿಯೇ ಮೇಲಿನಿಂದ ಶುರು ಮಾಡುತ್ತವೆ. 270 ಮತ್ತು 284.75 ಕೊಟ್ಟು ಒಂದು ಚಾರ್ಟ್, 419 ಮತ್ತು 404.25 ಕೊಟ್ಟು ಇನ್ನೊಂದು ಚಾರ್ಟ್ ಮಾಡಿ ಪಕ್ಕಪಕ್ಕ ಅಂಟಿಸಿದರೆ ಈ ರೀತಿಯ ಚಿತ್ರವೇ ಬರುತ್ತದೆ. ರಾತ್ರಿ ಪುಟ ಮುಗಿಸುವ ಅವಸರದಲ್ಲಿ ಇದು ಆಗಬಹುದಾದ ತಪ್ಪು. ಉದ್ದೇಶ ಏನೇ ಇರಲಿ, ಓದುಗರ ತಲೆಯಲ್ಲಿ ಕೂರುವುದು ಅದೇ ಆರು ಪಟ್ಟು.

ಕೆಆರ್‌ಎಸ್ ಮಟ್ಟದ ಚಾರ್ಟಿನಲ್ಲಿ ಲೆಕ್ಕ ತಿರುಗುಮುರುಗು

ಸೊನ್ನೆ ಇದ್ದರೆ ಸರಿ, ಇಲ್ಲದಿದ್ದರೆ ತಪ್ಪು ಎಂದು ಬಾಯಿಪಾಠ ಮಾಡಿಕೊಂಡರೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಕಡೆ ಎಡವುತ್ತೇವೆ. ಪತ್ರಿಕೆಗಳಲ್ಲಿ ದಿನಾ ಬರುವ ಕೆಆರ್‌ಎಸ್ ಮಟ್ಟವನ್ನು ನೋಡಿ. ಗರಿಷ್ಠ 124.80 ಅಡಿ. ಇವತ್ತು 100 ಅಡಿ ಇದೆ ಅಂದುಕೊಳ್ಳಿ. ಸೊನ್ನೆಯಿಂದ ಕಂಬ ಹಾಕಿದರೆ ಅಣೆಕಟ್ಟು ಶೇ 80 ತುಂಬಿದ ಹಾಗೆ ಕಾಣುತ್ತದೆ. ಅಕ್ಷದಲ್ಲಿ ಯಾವ ತಪ್ಪೂ ಇಲ್ಲ. ಆದರೆ 100 ಅಡಿಯಲ್ಲಿ ಇರುವ ನೀರು ಪೂರ್ತಿ ಸಾಮರ್ಥ್ಯದ ಅರ್ಧಕ್ಕಿಂತಲೂ ಕಡಿಮೆ.

ಕಾರಣ ಜಲಾಶಯದ ಆಕಾರ. ತಳದಲ್ಲಿ ನದಿಯ ಪಾತ್ರದಷ್ಟು ಕಿರಿದು, ಮೇಲೆ ಹೋದಂತೆ ಹಿನ್ನೀರು ಅಗಲಕ್ಕೆ ಹರಡುತ್ತದೆ. ಮೇಲಿನ ಒಂದು ಅಡಿಯಲ್ಲಿ ಹಿಡಿಯುವ ನೀರು ಕೆಳಗಿನ ಒಂದು ಅಡಿಗಿಂತ ಎಷ್ಟೋ ಜಾಸ್ತಿ. ಜೊತೆಗೆ ತಳದ ಸುಮಾರು 4 ಟಿಎಂಸಿ ಡೆಡ್ ಸ್ಟೋರೇಜ್, ಅದನ್ನು ಬಳಕೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಇಲ್ಲಿ ಅಡಿಗಳನ್ನು ಸೊನ್ನೆಯಿಂದ ಹಾಕಿದ ಕಂಬವೇ ದಾರಿ ತಪ್ಪಿಸುತ್ತದೆ. 70 ಅಡಿಯಿಂದ ಶುರು ಮಾಡಿದ ಕಂಬ ಶೇ 55ರಷ್ಟು ತೋರಿಸುತ್ತದೆ, ವಿಚಿತ್ರ ಅಂದರೆ ಅದು ನಿಜಕ್ಕೆ ಹತ್ತಿರ. ಸರಿಯಾದ ದಾರಿ ಅಡಿಯನ್ನೇ ಬಿಟ್ಟು ಸಂಗ್ರಹದ ಟಿಎಂಸಿಯನ್ನು ಸೊನ್ನೆಯಿಂದ ತೋರಿಸುವುದು.

ಅಂದರೆ ಕೇಳಬೇಕಾದ ಪ್ರಶ್ನೆ ಬುಡ ಸೊನ್ನೆಯಲ್ಲಿದೆಯಾ ಅನ್ನುವುದು ಮಾತ್ರ ಅಲ್ಲ. ಕಂಬ ಎರಡರಷ್ಟು ಆದರೆ ನಮಗೆ ಬೇಕಾದ ವಸ್ತುವೂ ಎರಡರಷ್ಟು ಆಗುತ್ತದಾ ಎಂದು ಕೇಳಬೇಕು. ಪಾಲಿನ ಟಿಎಂಸಿಯಲ್ಲಿ ಸೊನ್ನೆ ಇಟ್ಟರೆ ಆಗುತ್ತದೆ. ಅಣೆಕಟ್ಟಿನ ಮಟ್ಟವನ್ನು ಅಡಿ ಲೆಕ್ಕದಲ್ಲಿ ತೋರಿಸಿದರೆ ಎಲ್ಲಿ ಬುಡ ಇಟ್ಟರೂ ಆಗುವುದಿಲ್ಲ.

ಇದರಿಂದ ಆಗುವುದೇನು

ವಿ.ಸಿ. ನಾಲೆಯ ಕೊನೆಯ ಭಾಗದ ರೈತರಿಗೆ ಇದು ಬರೀ ಲೆಕ್ಕದ ವಿಷಯ ಅಲ್ಲ. ಶೇ 80 ತುಂಬಿದೆ ಅಂದುಕೊಂಡು ಭತ್ತದ ಒಟ್ಲು ಹಾಕಿ, ನಾಟಿ ಆದಮೇಲೆ ಕಟ್ಟು ನೀರು ಅಂದರೆ ನಷ್ಟ ಅವರದೇ. ಎಷ್ಟು ಟಿಎಂಸಿ ಇದೆ ಎಂದು ನೋಡಿದ್ದರೆ ರಾಗಿಯೋ ಇನ್ಯಾವುದೋ ಎಂದು ಯೋಚಿಸಲು ಅವಕಾಶ ಇರುತ್ತಿತ್ತು.

ಪಾಲಿನ ಚಿತ್ರದಿಂದ ಆಗುವ ಹಾನಿ ಬೇರೆ ರೀತಿಯದು. 284.75 ಅನ್ನುವುದು ಸಾಮಾನ್ಯ ವರ್ಷದಲ್ಲಿ, ಕರ್ನಾಟಕದ ಇಡೀ ಕಾವೇರಿ ಕಣಿವೆಗೆ ಸಿಕ್ಕ ಹಕ್ಕು. ಅದು ಕೆಆರ್‌ಎಸ್‌ಗೆ ಬರುವ ನೀರಲ್ಲ. ಕಬಿನಿ, ಹೇಮಾವತಿ, ಹಾರಂಗಿ ಭಾಗ ಎಲ್ಲ ಅದರಲ್ಲೇ ಸೇರಿದೆ. ಹೊಸದಾಗಿ ಸಿಕ್ಕ 14.75ರಲ್ಲಿ 4.75 ಬೆಂಗಳೂರಿಗೆ ಎಂದು ಮೊದಲೇ ಹೇಳಿಯಾಗಿದೆ. ಮಳೆ ಕೈಕೊಟ್ಟ ವರ್ಷ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಇಳಿಯಬೇಕು, ಜಗಳ ಆಗುವುದೂ ಆ ಇಳಿಕೆ ಎಷ್ಟು ಎಂಬುದರ ಮೇಲೆಯೇ. ಇದ್ಯಾವುದೂ ಚಿತ್ರದಲ್ಲಿ ಇಲ್ಲ. ಎರಡೂವರೆ ಪಟ್ಟು ಎಂದು ನಂಬಿದವರು ನಾಲೆಯಲ್ಲಿ ನೀರು ಕಾಣದಿದ್ದಾಗ ನೀರಾವರಿ ಇಲಾಖೆಯವರು ಕದ್ದರು ಎಂದು ಅನುಮಾನ ಪಡುತ್ತಾರೆ. ಗಡಿಯ ಆಚೆ ಅದೇ ಚಿತ್ರ ನೋಡಿದವರು ತಮ್ಮ ಪಾಲು ಕಾಲು ಭಾಗಕ್ಕಿಂತ ಕಡಿಮೆ ಆಯಿತು ಎಂದು ರೊಚ್ಚಿಗೇಳುತ್ತಾರೆ. ಆಗಿರುವುದು ಶೇ 5.5 ಏರಿಕೆ, ಶೇ 3.5 ಇಳಿಕೆ.

ಪತ್ರಿಕೆಗೆ ಬರೆಯುವವರು ಮೋಸ, ಪಿತೂರಿ ಎಂದು ಬರೆದರೆ ಪತ್ರ ಮೂಲೆಗೆ ಹೋಗುತ್ತದೆ. ಎರಡು ಸಾಲು ಸಾಕು. ಕರ್ನಾಟಕದ ಕಂಬಗಳ ಬುಡ 260ರಲ್ಲಿದೆ, ತಮಿಳುನಾಡಿನದು 400ರಲ್ಲಿದೆ, ಎರಡನ್ನೂ ಪಕ್ಕಪಕ್ಕ ಇಟ್ಟಿದ್ದೀರಿ. ರಾಜ್ಯಗಳ ಶೇಕಡಾ 726ಕ್ಕೆ, ಪರಿಸರದ ಶೇಕಡಾ 740ಕ್ಕೆ ಲೆಕ್ಕ ಹಾಕಿದ್ದೀರಿ, ಹಾಗಾಗಿ 102 ಆಗಿದೆ. ಇದಕ್ಕೆ ಅವರು ಉತ್ತರ ಕೊಡಲೇಬೇಕಾಗುತ್ತದೆ. ಆದರೆ ಅದಕ್ಕೂ ಮೊದಲು ಪತ್ರಿಕೆಯ ಆ ಪುಟವನ್ನು ಪೂರ್ತಿಯಾಗಿ ಒಮ್ಮೆ ನೋಡಿ. ಅಕ್ಷ ಸೊನ್ನೆಯಿಂದ ಶುರುವಾಗಿಲ್ಲ ಅನ್ನುವ ಸಣ್ಣ ಅಕ್ಷರದ ಸಾಲು ಕೆಳಗೆ ಇದ್ದು, ಫೋಟೋ ತೆಗೆದವರು ಅದನ್ನು ಬಿಟ್ಟಿರಬಹುದು. ಆ ಸಾಲು ಇದ್ದರೂ ಎರಡು ಬುಡದ ತಪ್ಪು, 102ರ ತಪ್ಪು ಹಾಗೇ ಉಳಿಯುತ್ತವೆ.